ಹತ್ತು ದಿನದಿಂದ ಇಂದಿನವರೆಗೆ: ಪುಸ್ತಕದಂಗಡಿಯ ದಿನಗಣನೆಗೆ ಹನ್ನೊಂದು ಒಕ್ಕಣೆಗಳನ್ನು ಬರೆದ ಬಗೆ

ಧಾರವಾಡದಲ್ಲಿ ನಾನು ಕೆಲಸ ಮಾಡುವ ಪುಸ್ತಕದಂಗಡಿಗೆ 2025ರ ಡಿಸೆಂಬರ್ 12ರಂದು 25 ವರ್ಷ ತುಂಬಿತು. ಆ ದಿನದಿಂದ ಮೂರು ದಿನಗಳ ರಿಯಾಯಿತಿ ಮಾರಾಟ ಇಟ್ಟುಕೊಂಡಿದ್ದೆವು. ಅದಕ್ಕೆ ಹತ್ತು ದಿನ ಮೊದಲಿನಿಂದ ಪ್ರತಿದಿನ ಇನ್‌ಸ್ಟಾಗ್ರಾಂನಲ್ಲೂ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲೂ ಒಂದು ಚಿತ್ರ ಮತ್ತು ಅದರ ಕೆಳಗೆ ಒಂದು ಒಕ್ಕಣೆ, ಅಂದರೆ ಎಲ್ಲರೂ ಕ್ಯಾಪ್ಷನ್ ಎನ್ನುವುದು, ಹಾಕಬೇಕಿತ್ತು. ಹನ್ನೊಂದು ಒಕ್ಕಣೆಗಳನ್ನು ಹೇಗೆ ಕಟ್ಟಿದೆ, ಎಲ್ಲಿ ತಿದ್ದಿದೆ, ನಡುವೆ ಏನು ಕೈಕೊಟ್ಟಿತು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿಡುತ್ತಿದ್ದೇನೆ.

ಮೊದಲು ಹಿಂದಿನ ವರ್ಷದ ತಪ್ಪನ್ನು ಹೇಳಬೇಕು, ಏಕೆಂದರೆ ಈ ಸಲದ ಕೆಲಸವೆಲ್ಲ ಅದರಿಂದಲೇ ಹುಟ್ಟಿತು. 2024ರಲ್ಲಿ ನಾನು ಒಕ್ಕಣೆಗಳನ್ನು ಆಯಾ ದಿನ ಬೆಳಿಗ್ಗೆ, ಅಂಗಡಿ ತೆರೆದ ಮೇಲೆ, ಗಲ್ಲಾದ ಪಕ್ಕದಲ್ಲಿ ನಿಂತು ಬರೆದಿದ್ದೆ. ಮೊದಲ ದಿನವೇ "ಭಾರೀ ರಿಯಾಯಿತಿ! ತಪ್ಪದೆ ಬನ್ನಿ!!" ಎಂದು ಬರೆದುಬಿಟ್ಟಿದ್ದರಿಂದ ನಾಲ್ಕನೆಯ ದಿನಕ್ಕೆ ಬರುವಷ್ಟರಲ್ಲಿ ಏರಲು ಮೆಟ್ಟಿಲೇ ಉಳಿದಿರಲಿಲ್ಲ. ಉಳಿದ ದಿನಗಳಲ್ಲಿ ಆಶ್ಚರ್ಯಸೂಚಕ ಚಿಹ್ನೆಗಳ ಸಂಖ್ಯೆ ಹೆಚ್ಚುತ್ತ ಹೋಯಿತೇ ಹೊರತು ಹೇಳುವ ವಿಷಯ ಹೆಚ್ಚಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಡಿಸೆಂಬರ್ 9ರಂದು ಆಯಿತು. ಅಂದಿನ ಒಕ್ಕಣೆ "ಇನ್ನು 3 ದಿನ ಮಾತ್ರ" ಎಂದಿತ್ತು. ಮಧ್ಯಾಹ್ನದ ಹೊತ್ತಿಗೆ ಗದಗದಿಂದ ಶಿಕ್ಷಕರೊಬ್ಬರು ಅರ್ಧ ದಿನ ರಜೆ ಹಾಕಿ, ಶಾಲೆಯ ಗ್ರಂಥಾಲಯಕ್ಕೆ ಬೇಕಾದ ಪುಸ್ತಕಗಳ ಪಟ್ಟಿ ಹಿಡಿದುಕೊಂಡು ಬಂದರು. "ಇನ್ನ ಮೂರ ದಿನ ಮಾತ್ರ ಅಂತ ನೀವ ಬರದೀರಲ್ಲ, ಅದಕ್ಕ ಇವತ್ತ ಬಂದೆ" ಎಂದರು. ಅವರು ಓದಿದ್ದು ಸರಿಯಾಗಿಯೇ ಇತ್ತು. ಮಾರಾಟ ಶುರುವಾಗಲು ಮೂರು ದಿನ ಎಂದು ನಾನು ಬರೆದಿದ್ದೆ; ಮಾರಾಟ ಮುಗಿಯಲು ಮೂರು ದಿನ ಎಂದು ಅವರು ಓದಿದ್ದರು. ಮಾರಾಟವೂ ಮೂರೇ ದಿನದ್ದಾಗಿದ್ದರಿಂದ ಆ ವಾಕ್ಯಕ್ಕೆ ಎರಡೂ ಅರ್ಥ ಪೂರ್ತಿಯಾಗಿ ಹೊಂದುತ್ತಿತ್ತು. ಮಾಲೀಕರು, ನಾವೆಲ್ಲ ಕಾಕಾ ಎಂದು ಕರೆಯುವವರು, ಅವರಿಗೆ ಅಂದೇ ರಿಯಾಯಿತಿ ದರದಲ್ಲಿ ಬಿಲ್ಲು ಮಾಡಿಕೊಟ್ಟರು. ಆದರೆ ಬರದೆ ಹೋದವರಲ್ಲಿ ಎಷ್ಟು ಜನ 12ರ ಹೊತ್ತಿಗೆ ಎಲ್ಲ ಮುಗಿಯಿತೆಂದು ಸುಮ್ಮನಾದರೋ ತಿಳಿಯುವ ದಾರಿಯಿಲ್ಲ.

ಹೀಗಾಗಿ ಈ ಸಲ ಒಕ್ಕಣೆಗೆ ಕೈಹಾಕುವ ಮೊದಲು ಒಂದು ಹಾಳೆಯ ಮೇಲೆ ದಿನಗಳ ಲೆಕ್ಕವನ್ನು ಗಟ್ಟಿ ಮಾಡಿಕೊಂಡೆ. ನಿಯಮ ಸರಳವಾದದ್ದು: ಆರಂಭದ ತಾರೀಖಿನಿಂದ ಅಂದಿನ ತಾರೀಖನ್ನು ಕಳೆದರೆ ಬರುವ ಸಂಖ್ಯೆಯೇ ಅಂದಿನ ಸಂಖ್ಯೆ. ಡಿಸೆಂಬರ್ 2, ಮಂಗಳವಾರ, ಎಂದರೆ 10. ಡಿಸೆಂಬರ್ 5, ಶುಕ್ರವಾರ, ಎಂದರೆ 7. ಡಿಸೆಂಬರ್ 11, ಗುರುವಾರ, ಎಂದರೆ 1. ಮುಂದೆ ಒಂಬತ್ತನೆಯ ದಿನ, ಏಳನೆಯ ದಿನ, ಎರಡನೆಯ ದಿನ ಎಂದಾಗಲೆಲ್ಲ ಈ ಸಂಖ್ಯೆಯ ದಿನವೆಂದೇ ಅರ್ಥ; ಮೊದಲ ದಿನ ಎಂದರೆ ಡಿಸೆಂಬರ್ 2. ಇಷ್ಟು ಸುಲಭದ ಲೆಕ್ಕವನ್ನು ಬರೆದಿಡುವುದೇಕೆ ಎನಿಸಬಹುದು. ಆದರೆ ಮಾತಿನಲ್ಲಿ ನಾವು ದಿನಗಳನ್ನು ಎರಡು ರೀತಿಯಲ್ಲಿ ಎಣಿಸುತ್ತೇವೆ, ಇವತ್ತನ್ನು ಹಿಡಿದು ಎಣಿಸುವವರೂ ಇದ್ದಾರೆ, ಬಿಟ್ಟು ಎಣಿಸುವವರೂ ಇದ್ದಾರೆ. ಚಿತ್ರ ಮಾಡುವ ಹುಡುಗ ಒಂದು ರೀತಿ, ಒಕ್ಕಣೆ ಬರೆಯುವ ನಾನು ಇನ್ನೊಂದು ರೀತಿ ಎಣಿಸಿದರೆ ಚಿತ್ರದಲ್ಲಿ 6 ಇದ್ದು ಕೆಳಗೆ 5 ಇರುತ್ತದೆ. ಹಾಳೆ ಗೋಡೆಗೆ ಅಂಟಿಸಿದ ಮೇಲೆ ಆ ಗೊಂದಲ ಬರಲಿಲ್ಲ.

ಸಂಖ್ಯೆಯ ಜೊತೆ ತಾರೀಖು ಮತ್ತು ವಾರ ಎರಡೂ ಪ್ರತಿ ಒಕ್ಕಣೆಯಲ್ಲಿ ಇರಲೇಬೇಕು ಎಂದು ಎರಡನೆಯ ನಿಯಮ ಮಾಡಿಕೊಂಡೆ. ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನು ಹಾಕಿದ ಕ್ರಮದಲ್ಲಿ ಎಲ್ಲರಿಗೂ ತೋರಿಸುವುದಿಲ್ಲ. ಮಂಗಳವಾರ ಹಾಕಿದ್ದು ಒಬ್ಬರಿಗೆ ಗುರುವಾರ ಕಣ್ಣಿಗೆ ಬೀಳುತ್ತದೆ. ಅವರಿಗೆ "3 ದಿನ" ಎಂಬುದು ಸುಳ್ಳು, "ಡಿಸೆಂಬರ್ 12, ಶುಕ್ರವಾರ" ಎಂಬುದು ನಿಜ. ದಿನಗಣನೆಯ ಸಂಖ್ಯೆ ಉತ್ಸಾಹಕ್ಕೆ, ತಾರೀಖು ಬರುವವರ ಅನುಕೂಲಕ್ಕೆ. ವಾಟ್ಸ್‌ಆ್ಯಪ್ ಸ್ಟೇಟಸ್ 24 ಗಂಟೆಗೆ ತಾನಾಗಿಯೇ ಅಳಿಯುವುದರಿಂದ ಅಲ್ಲಿ ಈ ತೊಂದರೆ ಕಡಿಮೆ. ಆದರೂ ಎರಡು ಕಡೆ ಎರಡು ಒಕ್ಕಣೆ ಬರೆಯುವ ಗೋಜಿಗೆ ನಾನು ಹೋಗಲಿಲ್ಲ.

ಮೂರನೆಯ ನಿಯಮ "ಮಾತ್ರ" ಎಂಬ ಪದದ ಬಗ್ಗೆ. ಮಾರಾಟ ಶುರುವಾಗುವ ಮೊದಲು ಅದನ್ನು ಎಲ್ಲಿಯೂ ಬಳಸಬಾರದು; "ಇನ್ನು 7 ದಿನ" ಎಂದು ಬೋಳಾಗಿಯೂ ಬರೆಯಬಾರದು; ಯಾವುದಕ್ಕೆ ಏಳು ದಿನ ಎಂಬುದನ್ನು ಚತುರ್ಥಿ ವಿಭಕ್ತಿಯಲ್ಲಿ ಮುಂದಿಟ್ಟುಕೊಂಡು "ಆರಂಭಕ್ಕೆ 7 ದಿನ" ಎಂದೇ ಬರೆಯಬೇಕು. ಒಂದು "ಕ್ಕೆ" ಸೇರಿಸಿದ್ದರೆ ಗದಗದ ಶಿಕ್ಷಕರ ಅರ್ಧ ದಿನದ ರಜೆ ಉಳಿಯುತ್ತಿತ್ತು ಎಂಬುದನ್ನು ನೆನೆದಾಗ ನನಗೆ ಇಂದಿಗೂ ಬೇಸರವಾಗುತ್ತದೆ.

ಇಷ್ಟಾದ ಮೇಲೆ ನಿಜವಾದ ಪ್ರಶ್ನೆಗೆ ಬಂದೆ: ಹತ್ತು ದಿನಗಳಲ್ಲಿ ಉತ್ಸಾಹ ಏರುತ್ತ ಹೋಗಬೇಕಾದರೆ ಏರುವುದು ಏನು? ವಿಶೇಷಣಗಳು ಏರುವುದಿಲ್ಲ ಎಂಬುದನ್ನು ಹಿಂದಿನ ವರ್ಷ ಕಂಡಿದ್ದೆ. "ಭಾರೀ" ಎಂದ ಮೇಲೆ "ಅತಿಭಾರೀ" ಎಂದರೆ ಓದುವವರಿಗೆ ಹೊಸದೇನೂ ಸಿಗುವುದಿಲ್ಲ. ಏರಬೇಕಾದದ್ದು ಸುದ್ದಿ. ಆದ್ದರಿಂದ ಅಂಗಡಿಯಲ್ಲಿರುವ, ಹೇಳಲು ಯೋಗ್ಯವಾದ ಸಂಗತಿಗಳನ್ನೆಲ್ಲ ಚೀಟಿಗಳ ಮೇಲೆ ಒಂದೊಂದಾಗಿ ಬರೆದು ಮೇಜಿನ ಮೇಲೆ ಹರಡಿದೆ. ಮೊದಲ ದಿನ ತಂದಿಟ್ಟ ಮರದ ಮೇಜು ಇನ್ನೂ ಗಲ್ಲಾದಲ್ಲಿಯೇ ಇರುವುದು. ಮೊದಲ ಬಿಲ್ಲು ಪುಸ್ತಕದ ಮೊದಲ ಹಾಳೆ. ಉಗ್ರಾಣದಲ್ಲಿ ಸಿಕ್ಕ, ಮರುಮುದ್ರಣವಾಗದ ಹಳೆಯ ಪುಸ್ತಕಗಳ ಒಂದು ಪೆಟ್ಟಿಗೆ. ಪ್ರಕಾಶಕರಿಂದ ಬರಲಿದ್ದ ಹೊಸ ಕಟ್ಟುಗಳು. ಮೊದಲ 25 ಜನರಿಗೆ ಬಟ್ಟೆಯ ಚೀಲ. ಭಾನುವಾರದ ವಾರದ ರಜೆಯನ್ನು 14ರಂದು ಬಿಟ್ಟು ಅಂಗಡಿ ತೆರೆಯುವುದು. ಹೀಗೆ ಚೀಟಿಗಳು ಹದಿನಾರಾದವು, ಅವುಗಳಲ್ಲಿ ಐದನ್ನು ತೆಗೆದುಹಾಕಿದೆ.

ನನ್ನ ಮೊದಲ ಜೋಡಣೆಯಲ್ಲಿ ರಿಯಾಯಿತಿ ಎಷ್ಟು ಎಂಬ ಚೀಟಿಯನ್ನು ಕೊನೆಯ ದಿನದ ಹಿಂದಿನ ದಿನಕ್ಕೆ ಇಟ್ಟಿದ್ದೆ. ಅದೇ ದೊಡ್ಡ ಸುದ್ದಿ, ಆದ್ದರಿಂದ ಅದೇ ಕೊನೆಗೆ ಬರಬೇಕು ಎಂಬುದು ನನ್ನ ತರ್ಕ. ಕಾಕಾ ಚೀಟಿಗಳನ್ನು ನೋಡಿ ಅದನ್ನು ಕೈಗೆತ್ತಿಕೊಂಡು ಹೇಳಿದರು: "ರಿಯಾಯಿತಿ ಎಷ್ಟ ಅಂತ ಹೇಳದ ಇಟ್ರ ಊರಿಂದ ಬರೋ ಮಂದಿ ಹ್ಯಾಂಗ ಲೆಕ್ಕಾ ಹಾಕ್ಬೇಕು, ತಂಗಿ? ಬಸ್ ಚಾರ್ಜ್ ಹಿಡದ ನೋಡ್ತಾರ ಅವ್ರು." ಅವರ ಮಾತು ನನ್ನ ಇಡೀ ಜೋಡಣೆಯನ್ನು ಬದಲಿಸಿತು. ಚೀಟಿಗಳನ್ನು ಎರಡು ಗುಂಪು ಮಾಡಿದೆ. ಬರುವುದೋ ಬೇಡವೋ ಎಂದು ತೀರ್ಮಾನಿಸಲು ಬೇಕಾದವು ಒಂದು ಗುಂಪು: ತಾರೀಖು, ರಿಯಾಯಿತಿಯ ಪ್ರಮಾಣ, ಯಾವ ಪುಸ್ತಕಗಳಿಗೆ ಇದೆ, ಯಾವುದಕ್ಕೆ ಇಲ್ಲ, ಅಂಗಡಿ ತೆರೆದಿರುವ ಹೊತ್ತು. ಬರುತ್ತೇನೆಂದು ತೀರ್ಮಾನಿಸಿದವರಿಗೆ ಆಸೆ ಹುಟ್ಟಿಸುವವು ಇನ್ನೊಂದು ಗುಂಪು: ಹಳೆಯ ಪೆಟ್ಟಿಗೆ, ಹೊಸ ಕಟ್ಟು, ಬಟ್ಟೆಯ ಚೀಲ. ಮೊದಲ ಗುಂಪಿನದನ್ನು ಬಚ್ಚಿಟ್ಟುಕೊಂಡು ಕುತೂಹಲ ಬೆಳೆಸುವುದು ಗ್ರಾಹಕರಿಗೆ ಮಾಡುವ ಅನ್ಯಾಯ. ಅದನ್ನು ಏಳನೆಯ ದಿನವೇ, ಶುಕ್ರವಾರವೇ, ಪೂರ್ತಿಯಾಗಿ ಹೇಳಿಬಿಡಬೇಕು, ಏಕೆಂದರೆ ಮುಂದಿನ ವಾರದ ರಜೆ, ಪ್ರಯಾಣ, ಹಣ ಇವನ್ನೆಲ್ಲ ಹೊಂದಿಸಿಕೊಳ್ಳಲು ಜನರಿಗೆ ನಡುವೆ ಒಂದು ಶನಿವಾರ, ಒಂದು ಭಾನುವಾರ ಸಿಗಬೇಕು. ಏರಿಕೆ ಬರಬೇಕಾದದ್ದು ಎರಡನೆಯ ಗುಂಪಿನಿಂದ.

ಬರೆಯುವಾಗ ಕೊನೆಯ ಒಕ್ಕಣೆಯಿಂದ ಹಿಂದಕ್ಕೆ ಬಂದೆ. ಮೊದಲು ಡಿಸೆಂಬರ್ 12ರದ್ದನ್ನು, ಆಮೇಲೆ 11ರದ್ದನ್ನು, ಹೀಗೆ 2ರವರೆಗೆ. ಇದರಿಂದ ಬಹಳ ಅನುಕೂಲವಾಯಿತು: ತುದಿಯಲ್ಲಿ ದನಿ ಎಷ್ಟು ಎತ್ತರದಲ್ಲಿರುತ್ತದೆ ಎಂಬುದು ಗೊತ್ತಿದ್ದರೆ ಅದಕ್ಕೂ ಹಿಂದಿನದನ್ನು ಒಂದು ಮೆಟ್ಟಿಲು ಕೆಳಗೆ ಇಡುವುದು ಕಷ್ಟವಲ್ಲ. ಮೊದಲ ದಿನದಿಂದ ಬರೆಯುತ್ತ ಬಂದರೆ ಬರೆಯುವವರ ಹುಮ್ಮಸ್ಸೆಲ್ಲ ಮೊದಲ ಒಕ್ಕಣೆಯಲ್ಲೇ ಸುರಿದುಹೋಗುತ್ತದೆ.

ಹಾಗೆ ಬಂದ ಮೊದಲ ಒಕ್ಕಣೆ ಇದು. ಇದರಲ್ಲಿ ಮಾರಾಟದ ಮಾತೇ ಇಲ್ಲ.

"ಡಿಸೆಂಬರ್ 12, ಶುಕ್ರವಾರ: ನಮ್ಮ ಅಂಗಡಿಗೆ 25 ವರ್ಷ. ಆ ದಿನಕ್ಕೆ 10 ದಿನ. ಬಾಗಿಲು ತೆರೆದ ಮೊದಲ ದಿನ ಇಲ್ಲಿದ್ದದ್ದು ಎರಡು ಕಪಾಟು ಮತ್ತು ಒಂದು ಮರದ ಮೇಜು. ಕಪಾಟುಗಳು ಈಗ ಇಪ್ಪತ್ತೆರಡಾಗಿವೆ, ಮೇಜು ಮಾತ್ರ ಅದೇ ಇದೆ. ಗಲ್ಲಾದ ಬಳಿ ಬಂದಾಗ ಅದರ ಅಂಚಿನ ಮೇಲೆ ಒಮ್ಮೆ ಕೈಯಾಡಿಸಿ ನೋಡಿ."

ಬರೆದ ಮೇಲೆ ನೋಡಿದರೆ "ಮೇಜು ಮಾತ್ರ" ಎಂದು "ಮಾತ್ರ" ನುಸುಳಿತ್ತು. ಇಲ್ಲಿ ಅದು ದಿನಗಳಿಗೆ ಸಂಬಂಧಿಸಿದ್ದಲ್ಲ, ತೊಂದರೆಯಿಲ್ಲ. ಆದರೂ ನಿಯಮವನ್ನು ನಾನೇ ಮುರಿಯಬಾರದೆಂದು "ಮೇಜು ಅದೇ ಇದೆ" ಎಂದು ತಿದ್ದಿದೆ. ಒಂಬತ್ತನೆಯ ದಿನದ ಚಿತ್ರ ಮೊದಲ ಬಿಲ್ಲಿನದು. ಅದರಲ್ಲಿ ಮೊದಲ ಸಾಲಿನಲ್ಲಿ ಇದ್ದದ್ದು ಒಂದು ಅಂಕಲಿಪಿ. ಅದನ್ನು ಕೊಂಡ ಮಗು ಈಗ ಮೂವತ್ತರ ಆಸುಪಾಸಿನಲ್ಲಿ ಇರಬೇಕು ಎಂದಷ್ಟೇ ಬರೆದು ನಿಲ್ಲಿಸಿದೆ. ಎಂಟನೆಯ ದಿನ ಓದುಗರಿಗೆ ಒಂದು ಪ್ರಶ್ನೆ: ನಮ್ಮಲ್ಲಿ ನೀವು ಕೊಂಡ ಮೊದಲ ಪುಸ್ತಕ ಯಾವುದು? ಈ ಮೂರು ದಿನ ವಾಕ್ಯಗಳು ಉದ್ದವಾಗಿವೆ, ನಡೆ ನಿಧಾನವಾಗಿದೆ, ಕ್ರಿಯಾಪದಗಳು ಹೆಚ್ಚಾಗಿ ಭೂತಕಾಲದಲ್ಲಿವೆ. ಅದು ಉದ್ದೇಶಪೂರ್ವಕ.

ಏಳನೆಯ ದಿನದ ಒಕ್ಕಣೆಯನ್ನು ನಾನು ಅತಿ ಹೆಚ್ಚು ಸಲ ತಿದ್ದಿದೆ. ಮೊದಲ ಕರಡು "ಶೇ. 25ರವರೆಗೆ ರಿಯಾಯಿತಿ" ಎಂದಿತ್ತು. ನಮ್ಮಲ್ಲಿ ಕನ್ನಡ ಪುಸ್ತಕಗಳಿಗೆಲ್ಲ ಒಂದೇ ಸಮನಾಗಿ ಶೇ. 25 ಇದ್ದಾಗ "ವರೆಗೆ" ಎಂಬುದು ಅನವಶ್ಯಕ ಅನುಮಾನ ಹುಟ್ಟಿಸುತ್ತದೆ. ಕೆಲವಕ್ಕೆ 10, ಕೆಲವಕ್ಕೆ 25 ಇದ್ದಿದ್ದರೆ ಅದನ್ನು ಬಿಡುವಂತಿರಲಿಲ್ಲ. ಪ್ರಮಾಣವನ್ನು ಹೇಳಿದ ಮೇಲೆ ಒಂದು ಉದಾಹರಣೆಯನ್ನೂ ಕೊಟ್ಟೆ, ಏಕೆಂದರೆ ಶೇಕಡಾವಾರು ತಲೆಗೆ ಹೋಗುತ್ತದೆ, ರೂಪಾಯಿ ಕೈಗೆ ಸಿಗುತ್ತದೆ.

"ಆರಂಭಕ್ಕೆ 7 ದಿನ. ಡಿ. 12 ಶುಕ್ರವಾರದಿಂದ 14 ಭಾನುವಾರದವರೆಗೆ, ಎಲ್ಲ ಕನ್ನಡ ಪುಸ್ತಕಗಳಿಗೆ ಮುಖಬೆಲೆಯ ಮೇಲೆ ಶೇ. 25 ರಿಯಾಯಿತಿ. 320 ರೂಪಾಯಿಯ ಕಾದಂಬರಿ ಆ ಮೂರು ದಿನ 240ಕ್ಕೆ. ಪಠ್ಯಪುಸ್ತಕಗಳಿಗೆ ಈ ರಿಯಾಯಿತಿ ಇಲ್ಲ. ಬೇಕಾದ ಪುಸ್ತಕಗಳ ಪಟ್ಟಿ ಈಗಲೇ ಮಾಡಿಕೊಳ್ಳಿ."

"ಇಲ್ಲ" ಎಂಬ ವಾಕ್ಯವನ್ನು ಕೆಳಗೆ, ಸಣ್ಣದಾಗಿ, ಮುಗಿಸುವ ಮುನ್ನ ತುರುಕುವ ಬದಲು ನಡುವೆಯೇ ಇಟ್ಟಿದ್ದೇನೆ. ಗಲ್ಲಾದ ಮುಂದೆ ನಿಂತು "ಇದಕ್ಕೆ ಇಲ್ಲೇನ್ರೀ?" ಎಂದು ಕೇಳಿಸಿಕೊಳ್ಳುವುದಕ್ಕಿಂತ ಇಲ್ಲಿ ಹೇಳುವುದು ಮೇಲು.

ಈ ಒಕ್ಕಣೆಯನ್ನು ನನ್ನ ಫೋನಿನಲ್ಲಿ ಪರೀಕ್ಷೆಗೆ ಹಾಕಿ ನೋಡಿದಾಗ ಒಂದು ಸಂಗತಿ ಗಮನಕ್ಕೆ ಬಂತು. ಇನ್‌ಸ್ಟಾಗ್ರಾಂ ಒಂದು ಒಕ್ಕಣೆಗೆ 2,200 ಅಕ್ಷರಗಳವರೆಗೆ ಬಿಡುತ್ತದಾದರೂ ಓದುಗರಿಗೆ ಮೊದಲು ಕಾಣಿಸುವುದು ಆರಂಭದ ಒಂದೆರಡು ಸಾಲು ಅಷ್ಟೇ. ಉಳಿದದ್ದು `more` ಎಂಬುದನ್ನು ಒತ್ತಿದ ಮೇಲೆ ತೆರೆಯುತ್ತದೆ. ಇಂಗ್ಲಿಷಿನಲ್ಲಿ ಬರೆಯುವವರಿಗಾಗಿ ಹೇಳಿದ ಅಕ್ಷರಗಳ ಲೆಕ್ಕವನ್ನು ನೆಚ್ಚಿಕೊಂಡರೆ ಕನ್ನಡದಲ್ಲಿ ಮೋಸಹೋಗುತ್ತೇವೆ. ನಮ್ಮ ಕಣ್ಣಿಗೆ "ಪುಸ್ತಕ" ಎಂಬುದು ಪು, ಸ್ತ, ಕ ಎಂಬ ಮೂರು ಅಕ್ಷರ. ಕಂಪ್ಯೂಟರಿಗೆ ಅದು ಪ, ಉಕಾರದ ಚಿಹ್ನೆ, ಸ, ಹಲಂತ, ತ, ಕ ಎಂಬ ಆರು.

```python
print(len("ಪುಸ್ತಕ"))   # 6
```

ಒತ್ತಕ್ಷರ, ಗುಣಿತಾಕ್ಷರಗಳಿರುವ ಪದಗಳಲ್ಲೆಲ್ಲ ಹೀಗೆಯೇ ಲೆಕ್ಕ ಉಬ್ಬುತ್ತದೆ. ಜೊತೆಗೆ ಕನ್ನಡದ ಅಕ್ಷರಗಳು ಅಗಲವಾಗಿರುವುದರಿಂದ ಒಂದು ಸಾಲಿನಲ್ಲಿ ಹಿಡಿಯುವ ಪದಗಳೂ ಕಡಿಮೆ. ಲೆಕ್ಕ ಹಾಕುತ್ತ ಕೂರುವ ಬದಲು ನಾನು ಕಂಡುಕೊಂಡ ದಾರಿ ಇಷ್ಟು: ಮೊದಲ ಹತ್ತು ಹನ್ನೊಂದು ಪದಗಳಲ್ಲಿ ದಿನದ ಸಂಖ್ಯೆ, ತಾರೀಖು, ವಾರ ಮುಗಿಯಬೇಕು, ಆಮೇಲೆ ಅಂಗಡಿಯಲ್ಲಿರುವ ಅತಿ ಸಣ್ಣ ಪರದೆಯ ಫೋನಿನಲ್ಲಿ ತೆರೆದು, ಅವು ಕತ್ತರಿಸಿಹೋಗದೆ ಕಾಣುತ್ತವೆಯೇ ಎಂದು ಕಣ್ಣಾರೆ ನೋಡಬೇಕು. ಮೊದಲ ದಿನದ ಒಕ್ಕಣೆಯನ್ನು ಮೊದಲು "ಬಾಗಿಲು ತೆರೆದ ಮೊದಲ ದಿನ" ಎಂದು ಶುರುಮಾಡಿದ್ದೆ. ಮೇಲೆ ಕೊಟ್ಟಿರುವಂತೆ ತಾರೀಖನ್ನು ಮುಂದಕ್ಕೆ ತಂದದ್ದು ಈ ಪರೀಕ್ಷೆಯಿಂದ.

ಚಿತ್ರಗಳ ಮೇಲೆ ದೊಡ್ಡದಾಗಿ ಕನ್ನಡ ಅಂಕಿಗಳನ್ನು ಹಾಕಬೇಕೆಂಬುದು ನನ್ನ ಆಸೆಯಾಗಿತ್ತು, ಪುಸ್ತಕದಂಗಡಿಗೆ ಅದೇ ಶೋಭೆ. ಹುಡುಗ ಹತ್ತು ಚಿತ್ರಗಳನ್ನು ಸಾಲಾಗಿ ಮಾಡಿ ತೋರಿಸಿದಾಗ ೯ ಮತ್ತು ೬ ಇರುವ ಎರಡು ಚಿತ್ರಗಳನ್ನು ನಾನೇ ಒಂದಕ್ಕೊಂದು ಬದಲಾಗಿ ಓದಿದೆ. ದೊಡ್ಡದಾಗಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಸ್ಟೇಟಸ್‌ನ ಸಣ್ಣ ಉರುಟಿನಲ್ಲಿ, ಅಲಂಕಾರದ ಫಾಂಟಿನಲ್ಲಿ, ಎರಡೂ ಒಂದೇ ಸುರುಳಿಯಂತೆ ಕಾಣುತ್ತವೆ. ದಿನಗಣನೆಯಲ್ಲಿ ಮೂರು ದಿನದ ಅಂತರ ಸಣ್ಣದಲ್ಲ. ಕನ್ನಡ ಅಂಕಿಯನ್ನು ಬಿಡಲು ಮನಸ್ಸಾಗಲಿಲ್ಲ. ಅದನ್ನು ಚಿತ್ರದಲ್ಲಿ ಉಳಿಸಿಕೊಂಡು, ಅದರ ಕೆಳಗೆ "ಒಂಬತ್ತು ದಿನ", "ಆರು ದಿನ" ಎಂದು ಪದದಲ್ಲಿಯೂ ಬರೆಸಿದೆ. ಇನ್ನೊಂದು ಎಚ್ಚರಿಕೆಯೂ ಇಲ್ಲೇ ಬೇಕು: ಇನ್‌ಸ್ಟಾಗ್ರಾಂನಲ್ಲಿ ಪೋಸ್ಟ್ ಹಾಕಿದ ಮೇಲೆ ಒಕ್ಕಣೆಯನ್ನು ತಿದ್ದಬಹುದು, ಚಿತ್ರವನ್ನು ಬದಲಿಸಲಾಗುವುದಿಲ್ಲ. ಆದ್ದರಿಂದ ಬದಲಾಗುವ ಸಾಧ್ಯತೆಯಿರುವ ಯಾವುದನ್ನೂ, ಹೊತ್ತನ್ನಾಗಲಿ ಪುಸ್ತಕಗಳ ಹೆಸರನ್ನಾಗಲಿ, ಚಿತ್ರದೊಳಗೆ ಬರೆಸಲಿಲ್ಲ.

ಆರನೆಯ ದಿನ ಶನಿವಾರ, ಮಕ್ಕಳ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ನೆಲದ ಮೇಲೆ ಜಮಖಾನ ಹಾಸಿ ಜೋಡಿಸುತ್ತೇವೆ ಎಂಬ ಸುದ್ದಿ. ಐದನೆಯ ದಿನ ಭಾನುವಾರ, ಅಂಗಡಿಗೆ ರಜೆ. ಮುಚ್ಚಿದ ಬಾಗಿಲಿನ ಚಿತ್ರ ಹಾಕಿ, ಒಳಗೆ ದೂಳು ಹೊಡೆಯುವ ಕೆಲಸ ನಡೆದಿದೆಯೆಂದೂ ಮುಂದಿನ ಭಾನುವಾರ ಈ ಬಾಗಿಲು ತೆರೆದಿರುತ್ತದೆಯೆಂದೂ ಬರೆದೆ. ನಾಲ್ಕನೆಯ ದಿನ ಹಳೆಯ ಪೆಟ್ಟಿಗೆ. ಈ ಒಕ್ಕಣೆಯಿಂದ ದನಿ ಬದಲಾಗುತ್ತದೆ.

"ಆರಂಭಕ್ಕೆ 4 ದಿನ. ಡಿ. 12, ಶುಕ್ರವಾರ. ಉಗ್ರಾಣದ ಅಟ್ಟದ ಮೇಲಿಂದ ಒಂದು ಪೆಟ್ಟಿಗೆ ಇಳಿದಿದೆ. ಒಳಗೆ ಅರವತ್ತು ಪುಸ್ತಕ. ಯಾವುದೂ ಮತ್ತೆ ಮುದ್ರಣವಾಗಿಲ್ಲ. ಒಂದೊಂದರದೂ ಒಂದೊಂದೇ ಪ್ರತಿ. ಶುಕ್ರವಾರ ಪೆಟ್ಟಿಗೆಯನ್ನು ಬಾಗಿಲ ಬಳಿ ಇಡುತ್ತೇವೆ."

ಕರಡಿನಲ್ಲಿ "ಅಪರೂಪದ, ಅಮೂಲ್ಯವಾದ, ಎಲ್ಲೂ ಸಿಗದ" ಎಂದೆಲ್ಲ ಇತ್ತು. "ಒಂದೊಂದರದೂ ಒಂದೊಂದೇ ಪ್ರತಿ" ಎಂಬ ವಾಕ್ಯ ಬಂದ ಮೇಲೆ ಅವೆಲ್ಲ ತಾವಾಗಿ ಉದುರಿದವು. ಪುಸ್ತಕ ಪ್ರೀತಿಸುವವರಿಗೆ ಆ ಒಂದು ಮಾತಿಗಿಂತ ಹೆಚ್ಚಿನ ಅವಸರವನ್ನು ಯಾವ ವಿಶೇಷಣವೂ ಹುಟ್ಟಿಸದು. ಅದೂ ಅಲ್ಲದೆ ಅದು ನಿಜ. ಬರೆಯುವ ಮೊದಲು ನಾನು ಪೆಟ್ಟಿಗೆಯ ಮುಂದೆ ಕೂತು ಒಂದೊಂದನ್ನೇ ತೆಗೆದು, ಜೋಡಿ ಪ್ರತಿಗಳಿದ್ದವನ್ನು ಬೇರೆ ಇಟ್ಟು, ಅರವತ್ತನ್ನು ಎಣಿಸಿದ್ದೆ.

ಇಲ್ಲಿಂದ ಮುಂದೆ ನೆರವಿಗೆ ಬಂದದ್ದು ಕನ್ನಡದ ಏಕಾರ. ಅಂಕಿಯಲ್ಲಿ 3 ಎಂದು ಬರೆದರೆ ಅದಕ್ಕೆ ಒತ್ತು ಕೊಡಲು ಆಗುವುದಿಲ್ಲ. ಪದದಲ್ಲಿ ಬರೆದರೆ "ಮೂರೇ" ಎನ್ನಬಹುದು. ಆದ್ದರಿಂದ 10ರಿಂದ 4ರವರೆಗೆ ಒಕ್ಕಣೆಯಲ್ಲಿ ಅಂಕಿ, ಆಮೇಲೆ ಪದ ಎಂದು ಗೊತ್ತುಮಾಡಿಕೊಂಡೆ. "ಮೂರೇ ದಿನ" ಎಂಬುದಕ್ಕೂ "ಮೂರು ದಿನ ಮಾತ್ರ" ಎಂಬುದರ ಅಪಾಯವೇ ಇರುವುದರಿಂದ "ಆರಂಭಕ್ಕೆ" ಎಂಬುದನ್ನು ಇಲ್ಲಿ ಬಿಡುವ ಹಾಗೇ ಇರಲಿಲ್ಲ. ಎರಡನೆಯ ದಿನದಿಂದ ಸಂಖ್ಯೆಯೇ ಬೇಡ. ನಮ್ಮಲ್ಲಿ ನಾಡಿದ್ದು, ನಾಳೆ, ಇಂದು ಎಂಬ ಪದಗಳು ಸಿದ್ಧವಾಗಿವೆ, ಅವೇ ದಿನಗಣನೆ. "ಆರಂಭಕ್ಕೆ ಎರಡು ದಿನ" ಎಂಬುದು ಕ್ಯಾಲೆಂಡರಿನ ಮಾತು, "ನಾಡಿದ್ದು" ಎಂಬುದು ಮನೆಯ ಮಾತು. ಆದರೆ ಈ ಮೂರು ಪದಗಳು ಓದುವ ದಿನವನ್ನು ಅವಲಂಬಿಸಿರುವುದರಿಂದ, ತಡವಾಗಿ ನೋಡುವವರ ಸಲುವಾಗಿ, ಪಕ್ಕದಲ್ಲೇ ತಾರೀಖು ಮತ್ತು ವಾರ ಇರಲೇಬೇಕು.

ಮಂಗಳವಾರ, ಡಿಸೆಂಬರ್ 9ರಂದು, ಎಂದರೆ ಹಿಂದಿನ ವರ್ಷದ ತಪ್ಪಾದ ಅದೇ ತಾರೀಖಿನಂದು, ಈ ಸಲವೂ ಒಂದು ತೊಡಕು ಬಂತು. ಅಂದಿನ ಸುದ್ದಿ "ಬೆಂಗಳೂರಿನಿಂದ ಹೊಸ ಕಟ್ಟುಗಳು ಬಂದಿವೆ" ಎಂಬುದು. ಬೆಳಿಗ್ಗೆ ಹತ್ತರವರೆಗೂ ಕಟ್ಟುಗಳು ಬಂದಿರಲಿಲ್ಲ. ವಿಚಾರಿಸಿದರೆ ಪಾರ್ಸೆಲ್ ಹುಬ್ಬಳ್ಳಿಯ ಗೋದಾಮಿನಲ್ಲಿ ಇದೆ, ನಾಳೆ ಮಧ್ಯಾಹ್ನಕ್ಕೆ ಬರುತ್ತದೆ ಎಂದರು. ಬಂದಿಲ್ಲದ್ದನ್ನು ಬಂದಿವೆ ಎಂದು ಬರೆಯುವ ಪ್ರಶ್ನೆಯೇ ಇರಲಿಲ್ಲ. "ಬರಲಿವೆ" ಎಂದು ಬರೆದರೆ ಆ ದಿನದ ಏರಿಕೆ ಕುಸಿಯುತ್ತಿತ್ತು. ಒಕ್ಕಣೆಗಳನ್ನು ನಾನು ತುಂಡುಗಳಾಗಿ ಬರೆದಿಟ್ಟಿದ್ದೆ: ಮೊದಲು ದಿನದ ಸಾಲು, ಆಮೇಲೆ ಅಂದಿನ ಸುದ್ದಿ, ಕೊನೆಗೆ 7ರಿಂದ 1ರವರೆಗಿನ ಎಲ್ಲದರಲ್ಲೂ ಒಂದೇ ಆಗಿರುವ ರಿಯಾಯಿತಿ ಮತ್ತು ಹೊತ್ತಿನ ಸಾಲು; ಇಲ್ಲಿ ಕೊಟ್ಟಿರುವ ಒಕ್ಕಣೆಗಳಲ್ಲಿ ಆ ಸಾಲನ್ನು ಬಿಟ್ಟಿದ್ದೇನೆ. ಆದ್ದರಿಂದ ಬುಧವಾರದ ಸುದ್ದಿಯನ್ನು ಮಂಗಳವಾರಕ್ಕೆ, ಮಂಗಳವಾರದ್ದನ್ನು ಬುಧವಾರಕ್ಕೆ ಎತ್ತಿಡುವುದು ಐದು ನಿಮಿಷದ ಕೆಲಸವಾಯಿತು. ದಿನದ ಸಾಲು ತನ್ನ ಜಾಗದಲ್ಲೇ ಉಳಿಯಿತು. ಹೀಗೆ ಮಂಗಳವಾರದ್ದು ಹೊಸ ರೂಪ ಪಡೆಯಿತು.

"ಆರಂಭಕ್ಕೆ ಮೂರೇ ದಿನ. ಡಿ. 12, ಶುಕ್ರವಾರ. ಅಂದು ಹತ್ತಕ್ಕಲ್ಲ, ಒಂಬತ್ತಕ್ಕೇ ಬಾಗಿಲು ತೆರೆಯುತ್ತೇವೆ. ಮೊದಲು ಬರುವ 25 ಜನರಿಗೆ ಒಂದೊಂದು ಬಟ್ಟೆಯ ಚೀಲ. ಖಾಲಿ ಚೀಲ ನಮ್ಮದು, ತುಂಬಿಸುವುದು ನಿಮಗೆ ಬಿಟ್ಟದ್ದು."

ಬುಧವಾರ ಮಧ್ಯಾಹ್ನ ಮೂರರ ಹೊತ್ತಿಗೆ ಆಟೋದಲ್ಲಿ ಹನ್ನೊಂದು ಕಟ್ಟುಗಳು ಬಂದವು. ಹಗ್ಗ ಕತ್ತರಿಸಿದ ಕೂಡಲೇ ಹೊಸ ಕಾಗದದ ವಾಸನೆ ಇಡೀ ಅಂಗಡಿ ತುಂಬಿತು. ಮೊದಲೇ ಮಾಡಿಸಿಟ್ಟ ಚಿತ್ರವನ್ನು ಬದಿಗಿಟ್ಟು, ಅರ್ಧ ಬಿಚ್ಚಿದ ಕಟ್ಟಿನ ಚಿತ್ರವನ್ನು ಆಗಲೇ ತೆಗೆದು, ಹೀಗೆ ಬರೆದೆ: "ನಾಡಿದ್ದು! ಡಿ. 12, ಶುಕ್ರವಾರ. ಈಗಷ್ಟೇ ಹಗ್ಗ ಬಿಚ್ಚಿದೆವು. ಹನ್ನೊಂದು ಕಟ್ಟು. ಇನ್ನೂ ಯಾರ ಕೈಯೂ ತಾಗದ ಪುಸ್ತಕಗಳು." ಆಶ್ಚರ್ಯಸೂಚಕ ಚಿಹ್ನೆ ಇಡೀ ಸರಣಿಯಲ್ಲಿ ಮೊದಲ ಸಲ ಬಂದದ್ದು ಇಲ್ಲಿ. ಹಿಂದಿನ ಎಂಟು ದಿನ ಅದನ್ನು ತಡೆಹಿಡಿದಿದ್ದರಿಂದಲೇ ಇಲ್ಲಿ ಅದಕ್ಕೆ ದನಿ ಇತ್ತು. ವಾಕ್ಯಗಳು ಚಿಕ್ಕದಾಗುತ್ತ ಬಂದಿರುವುದನ್ನೂ ಗಮನಿಸಬಹುದು. ಮೊದಲ ದಿನದ ಕೊನೆಯ ವಾಕ್ಯದಲ್ಲಿ ಒಂಬತ್ತು ಪದಗಳಿದ್ದವು, ಇಲ್ಲಿ "ಹನ್ನೊಂದು ಕಟ್ಟು" ಎಂಬ ಎರಡೇ ಪದಗಳು ಒಂದು ವಾಕ್ಯ.

ಗುರುವಾರದ್ದು ಮೊದಲು ಬರೆದಿಟ್ಟಂತೆಯೇ ಹೋಯಿತು.

"ನಾಳೆ. ಡಿ. 12, ಶುಕ್ರವಾರ, ಬೆಳಿಗ್ಗೆ 9ಕ್ಕೆ. ಜಮಖಾನ ಹಾಸಿದೆ. ಪೆಟ್ಟಿಗೆ ಬಾಗಿಲಿಗೆ ಬಂದಿದೆ. ಚೀಲಗಳು ಮಡಚಿ ಸಿದ್ಧವಾಗಿವೆ. ಪಟ್ಟಿ ಜೇಬಿನಲ್ಲಿರಲಿ."

ಇದರಲ್ಲಿ ಹೊಸ ಸುದ್ದಿ ಒಂದೂ ಇಲ್ಲ. ಅದುವರೆಗೆ ಒಂದೊಂದು ದಿನ ಹೇಳಿದ್ದೆಲ್ಲ ಒಟ್ಟಿಗೆ ಬಂದು ನಿಂತಿವೆ. ಸರಣಿಯನ್ನು ಮೊದಲಿನಿಂದ ಓದಿದವರಿಗೆ ಜಮಖಾನವೂ ಪೆಟ್ಟಿಗೆಯೂ ಗುರುತು ಸಿಗುತ್ತವೆ. ಅದೇ ದಿನ ಮೊದಲ ಸಲ ನೋಡಿದವರಿಗೂ ಹೊತ್ತು, ತಾರೀಖು ಸಿಗುತ್ತವೆ. ಇಲ್ಲಿ ಮತ್ತೊಂದು ಆಶ್ಚರ್ಯಸೂಚಕ ಚಿಹ್ನೆ ಇಡಲು ಕೈ ಹೋಗಿತ್ತು. "ನಾಳೆ" ಎಂಬ ಒಂದೇ ಪದದ ಮುಂದೆ ಪೂರ್ಣವಿರಾಮ ಇಟ್ಟು ಗಟ್ಟಿಯಾಗಿ ಓದಿಕೊಂಡಾಗ ಅದರಲ್ಲಿಯೇ ಬೇಕಾದಷ್ಟು ಬಿಗಿ ಇತ್ತು, ಹಾಗೆಯೇ ಬಿಟ್ಟೆ. ಶುಕ್ರವಾರ ಒಂಬತ್ತಕ್ಕೆ ಹಾಕಿದ್ದು ಇಷ್ಟೇ: "ಇಂದು, ಡಿ. 12, ಶುಕ್ರವಾರ. ಬಾಗಿಲು ತೆರೆದಿದೆ. ಬನ್ನಿ!"

ಆ ಬೆಳಿಗ್ಗೆ ಬಾಗಿಲ ಬಳಿ ನಿಂತವರಲ್ಲಿ ಇಬ್ಬರು ನೇರವಾಗಿ ಕೇಳಿದ್ದು "ಆ ಪೆಟ್ಟಿಗೆ ಎಲ್ಲದರೀ?" ಎಂದು. ರಿಯಾಯಿತಿ ಎಷ್ಟು, ಯಾವತ್ತಿನವರೆಗೆ ಎಂದು ಕೇಳಿದವರು ಅಂದು ನನಗೆ ಸಿಗಲಿಲ್ಲ. ಹಿಂದಿನ ವರ್ಷ ಅದನ್ನೇ ದಿನವಿಡೀ ಹೇಳಿದ್ದೆ. ಒಂದು ಕೊರತೆಯನ್ನೂ ಬರೆದಿಡಬೇಕು: ಎಂಟನೆಯ ದಿನದ ಪ್ರಶ್ನೆಗೆ ಬಂದ ಉತ್ತರಗಳನ್ನು ಮುಂದಿನ ಒಕ್ಕಣೆಗಳಲ್ಲಿ ಬಳಸಿಕೊಳ್ಳಲು ನಾನು ಜಾಗವನ್ನೇ ಇಟ್ಟಿರಲಿಲ್ಲ. ಹನ್ನೊಂದನ್ನೂ ಮೊದಲೇ ತುಂಬಿಸಿಬಿಟ್ಟಿದ್ದೆ. ಮುಂದಿನ ಸಲ ಐದನೆಯ ದಿನದ ಸುದ್ದಿಯ ತುಂಡನ್ನು ಖಾಲಿ ಬಿಟ್ಟು, ಓದುಗರ ಉತ್ತರವೊಂದನ್ನು ಅವರ ಒಪ್ಪಿಗೆ ಪಡೆದು ಅಲ್ಲಿ ಇಡುವೆ.

ಮಾರಾಟ ಶುರುವಾದ ಮೇಲೆ ಶನಿವಾರ ಮತ್ತು ಭಾನುವಾರ ಎರಡು ಪುಟ್ಟ ಒಕ್ಕಣೆಗಳನ್ನು ಹಾಕಿದೆ. ಅವುಗಳಲ್ಲಿ "ಮಾತ್ರ" ಎಂಬ ಪದಕ್ಕೆ ಕೊನೆಗೂ ಅನುಮತಿ ಸಿಕ್ಕಿತು: "ಇನ್ನು ಇಂದು ಮಾತ್ರ. ಡಿ. 14, ಭಾನುವಾರ, ರಾತ್ರಿ 8ರವರೆಗೆ." ಭಾನುವಾರ ರಾತ್ರಿ ಬಾಗಿಲು ಹಾಕಿದ ಮೇಲೆ ಇನ್ನೊಂದು ಕೆಲಸ ಉಳಿದಿತ್ತು. ಹಳೆಯ ಪೋಸ್ಟ್‌ಗಳು ಆಮೇಲೂ ಕೆಲವರಿಗೆ ಕಾಣಿಸುತ್ತಲೇ ಇರುತ್ತವೆ, ಅದನ್ನು ನೋಡಿ ಸೋಮವಾರ ಯಾರೂ ಗದಗದಿಂದ ಬಸ್ಸು ಹತ್ತಬಾರದು. ಆದ್ದರಿಂದ ಕಾಕಾ ಗಲ್ಲಾದ ಲೆಕ್ಕ ಮುಗಿಸುತ್ತಿರುವಾಗ ನಾನು ಆ ಹಳೆಯ ಮೇಜಿನ ಮೂಲೆಯಲ್ಲಿ ಕೂತು ಹದಿಮೂರು ಪೋಸ್ಟ್‌ಗಳನ್ನೂ ಒಂದೊಂದಾಗಿ ತೆರೆದು, ಪ್ರತಿಯೊಂದರ ಮೊದಲ ಸಾಲಿಗೆ "ಈ ಮಾರಾಟ ಡಿ. 14ಕ್ಕೆ ಮುಗಿದಿದೆ" ಎಂದು ಸೇರಿಸಿದೆ.